ಮೆಣಸಿನಕಾಯಿ ದರದ ಗ್ರೂಪ್: ವಾಟ್ಸಾಪ್ ಗ್ರೂಪ್, ಕಮ್ಯುನಿಟಿ, ಟೆಲಿಗ್ರಾಂ ಮೂರರಲ್ಲೂ ನಡೆಸಿ ನೋಡಿದ ಮೇಲೆ

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ನಮ್ಮ ಸುತ್ತಲಿನ ಹಳ್ಳಿಗಳ ರೈತರಿಗಾಗಿ ನಾವು ಮೂರ್ನಾಲ್ಕು ಜನ ಸೇರಿ ಒಂದು ಗ್ರೂಪ್ ನಡೆಸುತ್ತೇವೆ. ಟೆಂಡರ್ ಮುಗಿದ ಮೇಲೆ ಡಬ್ಬಿ, ಕಡ್ಡಿ, ಗುಂಟೂರು ತಳಿಗಳು ಯಾವ ದರಕ್ಕೆ ಹೋದವು, ಎಷ್ಟು ಚೀಲ ಬಂದಿದ್ದವು ಎಂದು ಹಾಕುವುದಷ್ಟೇ ಕೆಲಸ. ಆದರೆ ರೈತರಿಗೆ ಇವತ್ತಿನ ದರದಷ್ಟೇ ಹಳೆಯ ದರವೂ ಬೇಕು. ಮಾಲು ಈಗಲೇ ಮಾರಬೇಕೋ, ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ಕಾಯಬೇಕೋ ಎಂದು ತೀರ್ಮಾನಿಸುವವರು ಹೋದ ವರ್ಷ ಇದೇ ಹೊತ್ತಿಗೆ ಏನಿತ್ತು ಎಂದು ಕೇಳಿಯೇ ಕೇಳುತ್ತಾರೆ. ಹಾಗಾಗಿ ಮೂರು ವ್ಯವಸ್ಥೆಗಳನ್ನೂ ನಾನು ಅಳೆದದ್ದು ಈ ಕೆಲಸದಿಂದಲೇ.

ಮೊದಲು ಇದ್ದದ್ದು ಸಾದಾ ವಾಟ್ಸಾಪ್ ಗ್ರೂಪ್. 1024 ಜನರಾದರೆ ಅದು ಭರ್ತಿ. ಎಲ್ಲರೂ ಬರೆಯುವಂತಿದ್ದಾಗ ಶುಭೋದಯದ ಚಿತ್ರಗಳ ನಡುವೆ ದರ ಹುಡುಕಬೇಕಾಗುತ್ತಿತ್ತು. ಗ್ರೂಪಿನ ಸೆಟ್ಟಿಂಗ್‌ನಲ್ಲಿ ಸದಸ್ಯರು ಮೆಸೇಜ್ ಕಳಿಸುವ ಅನುಮತಿಯನ್ನು ತೆಗೆದರೆ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ಹಾಗೆ ಮಾಡಿದ ದಿನವೇ ಗ್ರೂಪ್ ಶಾಂತವಾಯಿತು. ಪ್ರಶ್ನೆಗಳು ಮಾತ್ರ ನಿಲ್ಲಲಿಲ್ಲ, "ಅಣ್ಣಾರ, ಇವತ್ತ ಡಬ್ಬಿ ಏನ್ ಹೋತ್ರಿ?" ಎಂದು ನೇರ ನನ್ನ ನಂಬರಿಗೇ ಬರತೊಡಗಿದವು. ಅದೇನೂ ತೊಂದರೆಯಲ್ಲ, ಕೇಳುವವರಿಗೆ ಉತ್ತರ ಕೊಡುವುದಕ್ಕೇ ನಾವಿರುವುದು.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಗ್ರೂಪ್ ಇನ್ನೂ ತೆರೆದಿದ್ದ ಕಾಲದಲ್ಲಿ ಒಂದು ರಾತ್ರಿ ನಮ್ಮದೇ ರೈತರೊಬ್ಬರ ನಂಬರಿನಿಂದ ಪಿಎಂ ಕಿಸಾನ್ ಹೆಸರಿನ ಒಂದು ಫೈಲ್ ಬಂತು. ಸದಾ ವಾಯ್ಸ್ ಮೆಸೇಜ್ ಕಳಿಸುವ ಮನುಷ್ಯ, ಒಂದು ಮಾತೂ ಇಲ್ಲದೆ ಫೈಲ್ ಕಳಿಸಿದ್ದು ನೋಡಿ ಅನುಮಾನವಾಯಿತು. ಹೆಸರಿನ ಕೊನೆಗೆ `.apk` ಎಂದಿತ್ತು. ಅಂದರೆ ಅದು ಅರ್ಜಿಯೂ ಅಲ್ಲ, ಪಟ್ಟಿಯೂ ಅಲ್ಲ, ಫೋನಿಗೆ ಇಳಿಯುವ ಆ್ಯಪ್. ಇಂಥ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಒಟಿಪಿ ವಂಚಕರ ಕೈಗೆ ಹೋಗುತ್ತದೆ, ವಾಟ್ಸಾಪ್ ಖಾತೆಯೂ ಹೋಗುತ್ತದೆ. ಆಮೇಲೆ ಅದೇ ಖಾತೆಯಿಂದ ಮುಂದಿನವರಿಗೆ ಫೈಲ್ ಹೊರಡುತ್ತದೆ. ನಾವು ಅವರಿಗೆ ಫೋನ್ ಮಾಡಿ ಮೊದಲು ನೆಟ್ ಬಂದ್ ಮಾಡಿಸಿ, ಆ್ಯಪ್ ತೆಗೆಸಿ, ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಿಸಿದೆವು.

ಗ್ರೂಪಿನಲ್ಲಿ ಅಡ್ಮಿನ್ ಆ ಮೆಸೇಜನ್ನು ಎಲ್ಲರಿಗೂ ಕಾಣದಂತೆ ಅಳಿಸಬಹುದು, ಅಳಿಸಿದೆವು. ಆದರೆ ಅದಕ್ಕೆ ಎರಡು ದಿನದ ಮೇಲೆ ಕೆಲವು ಗಂಟೆಗಳಷ್ಟೇ ಗಡುವು. ಅದಲ್ಲದೆ, ಅಷ್ಟರೊಳಗೆ ಇನ್‌ಸ್ಟಾಲ್ ಮಾಡಿಕೊಂಡವರ ಫೋನಿನಿಂದ ಆ್ಯಪ್ ಹೋಗುವುದಿಲ್ಲ. ಹಾಗಾಗಿ ಯಾರು ತೆರೆದಿರಬಹುದೋ ಅವರಿಗೆಲ್ಲ ಕರೆ ಮಾಡಬೇಕಾಯಿತು. ಮುಂದೆ ಗ್ರೂಪನ್ನು ಅಡ್ಮಿನ್‌ಗಳಿಗೆ ಮಾತ್ರ ಎಂದು ಮಾಡಿದ ಮೇಲೂ ಇದೇ ಥರದ ಫೈಲ್‌ಗಳು ಸದಸ್ಯರಿಗೆ ಒಬ್ಬೊಬ್ಬರಾಗಿ ಬಂದವು. ಕಾರಣ ಸರಳ: ಸಾದಾ ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಬಾಯಿ ಕಟ್ಟಿದರೂ ಪಟ್ಟಿ ಬಯಲಲ್ಲೇ ಇರುತ್ತದೆ.

ಹಲವು ಗ್ರೂಪುಗಳನ್ನು ಒಂದೇ ಸೂರಿನಡಿ ತರುವ ವಾಟ್ಸಾಪ್ ಕಮ್ಯುನಿಟಿ ಗೆಲ್ಲುವುದು ಇಲ್ಲೇ. ಅದರ ಪ್ರಕಟಣೆ ಗ್ರೂಪಿನಲ್ಲಿ ಹೊಸ ಪ್ರಕಟಣೆ ಹಾಕುವವರು ಅಡ್ಮಿನ್‌ಗಳು ಮಾತ್ರ, ಮತ್ತು ಸಾಮಾನ್ಯ ಸದಸ್ಯರಿಗೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಇರುವ ಗ್ರೂಪನ್ನೇ ಕಮ್ಯುನಿಟಿಗೆ ಸೇರಿಸಿದರೆ ಅದರ ಸದಸ್ಯರು ಪ್ರಕಟಣೆ ಗ್ರೂಪಿಗೆ ತಾವಾಗಿ ಬರುತ್ತಾರೆ, ಯಾರನ್ನೂ ಹೊಸದಾಗಿ ಕರೆಯುವ ಕೆಲಸವಿಲ್ಲ. ಕಾಟ ಕೊಡುವವರನ್ನು ಕಮ್ಯುನಿಟಿಯಿಂದ ತೆಗೆದರೆ ಒಳಗಿನ ಎಲ್ಲ ಗ್ರೂಪುಗಳಿಂದಲೂ ಹೋಗುತ್ತಾರೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಒಳಗಿನ ಊರಿನ ಗ್ರೂಪುಗಳು ಸಾದಾ ಗ್ರೂಪುಗಳೇ, ಅಲ್ಲಿ ನಂಬರ್ ಕಾಣುತ್ತದೆ. ನಾವು ಹೊಸಬರನ್ನು ಪ್ರಕಟಣೆಗೆ ಮಾತ್ರ ಸೇರಿಸುತ್ತೇವೆ.

ಟೆಲಿಗ್ರಾಂ ಚಾನೆಲ್‌ನಲ್ಲಿ ಈ ಯಾವ ತಲೆನೋವೂ ಇಲ್ಲ. ಬರೆಯುವವರು ಅಡ್ಮಿನ್‌ಗಳೇ, ಸದಸ್ಯರು ಪರಸ್ಪರ ಕಾಣುವುದೇ ಇಲ್ಲ, ಸಂಖ್ಯೆಗೆ ಮಿತಿಯಿಲ್ಲ. ಚರ್ಚೆಗೆಂದು ಜೋಡಿಸಿದ ಗ್ರೂಪಿನಲ್ಲಿ ಯಾರನ್ನಾದರೂ ಹೊರಹಾಕುವಾಗ ಅವರು ಹಾಕಿದ್ದೆಲ್ಲವನ್ನೂ ಒಟ್ಟಿಗೆ ಅಳಿಸಬಹುದು. ಗಡುವಿನ ಗೊಡವೆಯೂ ಇಲ್ಲ. `@MissRose_bot` ಎಂಬ ಬಾಟ್ ಅನ್ನು ಅಡ್ಮಿನ್ ಮಾಡಿ, ಅಳಿಸುವ ಅಧಿಕಾರ ಕೊಟ್ಟು, ಈ ಎರಡು ಸಾಲು ಕಳಿಸಿದರೆ ಲಿಂಕ್ ಮತ್ತು ಫೈಲ್ ಎರಡೂ ಬಂದ ಕೂಡಲೇ ಅಳಿಯುತ್ತವೆ:

```
/lock url
/lock document
```

ಆದರೂ ಅಲ್ಲಿ ಬೇರೊಂದು ಮೋಸವಿದೆ. ನಮ್ಮ ಹೆಸರು, ನಮ್ಮ ಫೋಟೋ ಹಾಕಿಕೊಂಡು ಯಾರು ಬೇಕಾದರೂ ಖಾತೆ ತೆರೆದು ಚರ್ಚೆ ಗ್ರೂಪಿನವರಿಗೆ ಖಾಸಗಿಯಾಗಿ ಬರೆಯಬಹುದು. ಅಸಲಿಯೋ ನಕಲಿಯೋ ತಿಳಿಯುವುದು `@` ನಿಂದ ಶುರುವಾಗುವ ಹೆಸರಿನಿಂದ ಮಾತ್ರ, ಅದು ಇಬ್ಬರಿಗೆ ಒಂದೇ ಇರಲಾರದು. ಚಾನೆಲ್‌ನ ವಿವರಣೆಯಲ್ಲಿ ಅಡ್ಮಿನ್‌ಗಳ ಆ ಹೆಸರುಗಳನ್ನೂ, ನಾವು ಯಾರ ಹತ್ತಿರವೂ ಮುಂಗಡ ಕೇಳುವುದಿಲ್ಲ ಎಂಬುದನ್ನೂ ಬರೆದಿಟ್ಟಿದ್ದೇವೆ. ಇದಕ್ಕಿಂತ ದೊಡ್ಡ ಕೊರತೆಯೆಂದರೆ ನಮ್ಮ ಹಿರಿಯ ರೈತರ ಫೋನಿನಲ್ಲಿ ಟೆಲಿಗ್ರಾಂ ಇಲ್ಲ. ಇಳಿಸಿಕೊಟ್ಟರೂ ತೆರೆಯುವುದಿಲ್ಲ.

ಇನ್ನು ಹಳೆಯ ದರ ಉಳಿಸಿಕೊಳ್ಳುವ ಮಾತು. ವಾಟ್ಸಾಪ್‌ನಲ್ಲಿ ಇತಿಹಾಸ ಇರುವುದು ಒಬ್ಬೊಬ್ಬರ ಫೋನಿನಲ್ಲಿ. ನಿನ್ನೆ ಸೇರಿದವರಿಗೆ ಹೋದ ವರ್ಷದ ದರ ಕಾಣದು, ಹೊಸ ಅಡ್ಮಿನ್‌ಗೂ ಕಾಣದು. ಆಂಡ್ರಾಯ್ಡ್‌ನಲ್ಲಿ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತದೆ ಮತ್ತು ಉಚಿತವಾಗಿ ಸಿಗುವ 15 ಜಿಬಿ ಜಾಗದಲ್ಲೇ ಲೆಕ್ಕವಾಗುತ್ತದೆ. ಜಿಮೇಲ್, ಫೋಟೋ ಎಲ್ಲ ಅದೇ ಜಾಗದಲ್ಲಿರುವುದರಿಂದ ಅದು ತುಂಬಿದರೆ ಬ್ಯಾಕಪ್ ನಿಲ್ಲುತ್ತದೆ. ನಿಂತಿದೆಯೋ ಇಲ್ಲವೋ ತಿಳಿಯಲು `Chat backup` ತೆರೆದು ಕೊನೆಯ ಬ್ಯಾಕಪ್‌ನ ದಿನಾಂಕ ನೋಡಿದರೆ ಸಾಕು. ವಿಡಿಯೊ ಬಿಟ್ಟು ಬ್ಯಾಕಪ್ ಮಾಡಿದರೆ ಬಹಳ ಜಾಗ ಉಳಿಯುತ್ತದೆ. ಫೋನ್ ಬದಲಿಸಿದಾಗ ಅದೇ ನಂಬರ್, ಅದೇ ಗೂಗಲ್ ಖಾತೆ ಇದ್ದರೆ ಮಾತ್ರ ಬ್ಯಾಕಪ್ ವಾಪಸ್ ಬರುತ್ತದೆ. ಬ್ಯಾಕಪ್‌ಗೆ ಗೂಢಲಿಪಿಯ ಪಾಸ್‌ವರ್ಡ್ ಇಟ್ಟವರು ಅದನ್ನು ಮರೆತರೆ ತೆರೆಯುವ ದಾರಿ ಮುಚ್ಚಿತೆಂದೇ ಲೆಕ್ಕ. ವಾಟ್ಸಾಪ್ ಚಾನೆಲ್ ಏಕಾಗಬಾರದು ಎಂದು ಕೆಲವರು ಕೇಳಿದರು. ಅದರ ಪೋಸ್ಟ್‌ಗಳು ಸರ್ವರ್‌ನಲ್ಲಿರುವುದು 30 ದಿನದವರೆಗೆ ಮಾತ್ರ, ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟೆ.

ಟೆಲಿಗ್ರಾಂನಲ್ಲಿ ಎಲ್ಲವೂ ಅವರ ಸರ್ವರ್‌ನಲ್ಲಿರುತ್ತದೆ. ಇವತ್ತು ಚಾನೆಲ್ ಸೇರಿದವರೂ ಮೊದಲ ಪೋಸ್ಟ್‌ನಿಂದ ಓದಬಹುದು. ಪ್ರತಿ ಪೋಸ್ಟ್‌ಗೆ `#dabbi`, `#kaddi` ಎಂದು ಹಾಕುತ್ತೇವೆ, ಅದನ್ನು ಒತ್ತಿದರೆ ಆ ತಳಿಯ ದರಗಳು ಸಾಲಾಗಿ ಬರುತ್ತವೆ. ಹುಡುಕಿದರೆ ಸಿಗಬೇಕೆಂದರೆ ದರವನ್ನು ಅಕ್ಷರದಲ್ಲೇ ಬರೆಯಬೇಕು, ಚೀಟಿಯ ಫೋಟೋ ಹಾಕಿದರೆ ಪ್ರಯೋಜನವಿಲ್ಲ. ನಾವು ದಿನಾಂಕ, ತಳಿ, ಕನಿಷ್ಠ, ಗರಿಷ್ಠ, ಮಾದರಿ ದರ ಇದೇ ಕ್ರಮ ಬಿಡುವುದಿಲ್ಲ.

ಈಗ ಎರಡನ್ನೂ ಇಟ್ಟುಕೊಂಡಿದ್ದೇವೆ. ದರ ಮೊದಲು ಹೋಗುವುದು ಕಮ್ಯುನಿಟಿಯ ಪ್ರಕಟಣೆಗೆ, ಏಕೆಂದರೆ ಜನ ಇರುವುದು ಅಲ್ಲಿ. ಅದೇ ಸಾಲುಗಳನ್ನು ನಕಲಿಸಿ ಟೆಲಿಗ್ರಾಂ ಚಾನೆಲ್‌ಗೆ ಹಾಕುತ್ತೇವೆ, ಅದು ನಮ್ಮ ದಫ್ತರ. ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಕಮ್ಯುನಿಟಿಯನ್ನೇ ಆರಿಸುತ್ತೇನೆ. ನೋಡದ ರೈತನಿಗೆ ಎಷ್ಟು ಚೆನ್ನಾಗಿ ಕಾಪಾಡಿದ ದಫ್ತರವೂ ಉಪಯೋಗಕ್ಕಿಲ್ಲ. ಆಗ ತಿಂಗಳಿಗೊಮ್ಮೆ `Export chat` ಮಾಡಿ, ಮೀಡಿಯಾ ಬಿಟ್ಟು, ಇಬ್ಬರು ಅಡ್ಮಿನ್‌ಗಳ ಇಮೇಲ್‌ಗೆ ಕಳಿಸಲೇಬೇಕು. ಮೀಡಿಯಾ ಇಲ್ಲದೆ ಕೊನೆಯ 40,000 ಮೆಸೇಜ್‌ವರೆಗೆ ಬರುತ್ತವೆ, ಅಡ್ಮಿನ್ ಮಾತ್ರ ಬರೆಯುವ ಗ್ರೂಪಿಗೆ ಅದು ವರ್ಷಗಟ್ಟಲೆ ಸಾಕು. `Advanced chat privacy` ಆನ್ ಆಗಿದ್ದರೆ ಎಕ್ಸ್‌ಪೋರ್ಟ್ ಆಗುವುದಿಲ್ಲ, ಮೊದಲೇ ನೋಡಿಕೊಳ್ಳಿ. ಟೆಲಿಗ್ರಾಂನದು ಫೋನಿನಲ್ಲಿ ಆಗದು, ಕಂಪ್ಯೂಟರಿನ ಟೆಲಿಗ್ರಾಂ ಡೆಸ್ಕ್‌ಟಾಪ್‌ನಲ್ಲಿ ಚಾನೆಲ್ ತೆರೆದು, ಮೂರು ಚುಕ್ಕೆ ಒತ್ತಿ, `Export chat history` ಆರಿಸಿಕೊಳ್ಳಬೇಕು. ಓದಲಿಕ್ಕಾದರೆ ಎಚ್‌ಟಿಎಂಎಲ್, ಎಕ್ಸೆಲ್‌ಗೆ ಒಯ್ದು ವರ್ಷದಿಂದ ವರ್ಷಕ್ಕೆ ದರ ಹೋಲಿಸುವವರಿದ್ದರೆ ಜೆಸನ್.