ಗೆಲುವು ಮಾತ್ರವೇ, ಗೆಲುವಿನ ಅಂತರವೂ ಬೇಕೇ?

ಪ್ರತಿ ಪಂದ್ಯದ ನಂತರ ಫುಟ್‌ಬಾಲ್ ತಂಡಗಳ ಬಲದ ಅಂಕವನ್ನು ಏರಿಳಿಸುವ ಈಲೊ ರೇಟಿಂಗ್‌ಗೆ ಗೆಲುವು–ಸೋಲನ್ನು ಮಾತ್ರ ಎಣಿಸಬೇಕೇ, ಗೋಲುಗಳ ಅಂತರವನ್ನೂ ಸೇರಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಪಂದ್ಯಗಳ ಸಂಖ್ಯೆಯನ್ನು ಅವಲಂಬಿಸಿದೆ.

1600 ಅಂಕದ ತಂಡ 1500ರ ತಂಡವನ್ನು 3–0ರಿಂದ ಮಣಿಸಿತು ಎನ್ನೋಣ. ಗೆಲುವಿಗೆ 1 ಎಂದು ಎಣಿಸಿದಾಗ ಈ ಅಂಕಗಳಿಂದ ಬರುವ ನಿರೀಕ್ಷಿತ ಫಲ 0.64; ಅಂಕದ ಬದಲಾವಣೆಯ ಪ್ರಮಾಣವನ್ನು ನಿರ್ಧರಿಸುವ `K = 20` ಇದ್ದರೆ ಮೊದಲ ವಿಧಾನದಲ್ಲಿ ಏರಿಕೆ 20 × 0.36, ಅಂದರೆ 7.2. ಮೂರು ಗೋಲುಗಳ ಅಂತರಕ್ಕೆ 1.75ರ ಗುಣಕ ಹಾಕಿದರೆ ಅದು 12.6.

ತಂಡಕ್ಕೆ ಹತ್ತು–ಹನ್ನೆರಡೇ ಪಂದ್ಯಗಳಿದ್ದಾಗ ಅಂತರದ ವಿಧಾನವೇ ನನಗೆ ಮೆಚ್ಚುಗೆ, ಏಕೆಂದರೆ ಪ್ರತಿ ಫಲಿತಾಂಶದಿಂದಲೂ ಅದು ಹೆಚ್ಚು ಮಾಹಿತಿ ಹೀರಿಕೊಳ್ಳುತ್ತದೆ. ಆದರೆ ಬಲಿಷ್ಠ ತಂಡಗಳು ದುರ್ಬಲರನ್ನು ಭಾರಿ ಅಂತರದಿಂದ ಸೋಲಿಸುವುದು ಸಹಜವಾದ್ದರಿಂದ, ಅವುಗಳ ರೇಟಿಂಗ್ ಅರ್ಹತೆ ಮೀರಿ ಉಬ್ಬುತ್ತದೆ. ನಿಮ್ಮ ಪಟ್ಟಿಯ ಅಗ್ರ ತಂಡಗಳು ಮುನ್ಸೂಚನೆಗಿಂತ ಕಡಿಮೆ ಗೆಲ್ಲುತ್ತಿದ್ದರೆ ಇದೇ ಕಾರಣವಿರಬಹುದು. ಆಗ ಗೆಲ್ಲುವ ನಿರೀಕ್ಷೆಯಿದ್ದ ತಂಡವೇ ಗೆದ್ದಾಗ ಗುಣಕವನ್ನು ತಗ್ಗಿಸಬೇಕು.

ಗೋಲು ಪೇರಿಸಲು ತಂಡಗಳನ್ನು ಪ್ರಚೋದಿಸಬಾರದ ಅಧಿಕೃತ ಶ್ರೇಯಾಂಕಕ್ಕೆ ಸರಳ ವಿಧಾನವೇ ಸೂಕ್ತ. 2018ರಲ್ಲಿ ಈಲೊ ಆಧಾರಿತ ಸೂತ್ರಕ್ಕೆ ಬದಲಾದ ಫಿಫಾ ಪುರುಷರ ಶ್ರೇಯಾಂಕವೂ ಅಂತರವನ್ನು ಎಣಿಸುವುದಿಲ್ಲ.

ಎರಡರಲ್ಲಿ ಯಾವುದನ್ನು ಆರಿಸಿದರೂ `K` ಅನ್ನು ಹೊಸದಾಗಿ ಹೊಂದಿಸಿ: ಗುಣಕ ಸೇರಿದಾಗ ಸರಾಸರಿ ಹೆಜ್ಜೆ ತಾನಾಗಿಯೇ ಹಿಗ್ಗುವುದರಿಂದ, ಹಳೆಯ 20 ಈಗ ಅತಿಯಾಗಬಹುದು. ಹಳೆಯ ಋತುಗಳಲ್ಲಿ `K` ಆರಿಸಿ, ನಂತರದ ಋತುವಿನ ಮುನ್ಸೂಚನೆಗಳ ದೋಷವನ್ನು ಅಳೆಯಿರಿ.