‘ಫೈಬರ್ ಲೆನ್ಸ್ ಒಡೆಯುವುದಿಲ್ಲ’ ಎಂಬ ಮಾತನ್ನು ನಂಬಿ ಮಗುವಿಗೆ ಕನ್ನಡಕ ಮಾಡಿಸಬೇಡಿ

ನಮ್ಮದು ಬದಿಯಡ್ಕದ ಸಮೀಪದ ಊರು. ಕಳೆದ ಬೇಸಿಗೆ ರಜೆಯಲ್ಲಿ ಮಕ್ಕಳು ಅಂಗಳದಲ್ಲಿ ತೆಂಗಿನ ಮಡಲಿನ ಬ್ಯಾಟು ಹಿಡಿದು ಆಡುತ್ತಿದ್ದಾಗ, ಗಟ್ಟಿ ರಬ್ಬರ್ ಚೆಂಡೊಂದು ಒಂಬತ್ತು ವರ್ಷದ ನನ್ನ ಮಗನ ಕನ್ನಡಕಕ್ಕೆ ಬಡಿಯಿತು. ಬಲಗಡೆಯ ಲೆನ್ಸ್ ಮೂರು ಚೂರಾಗಿ, ಒಂದು ಚೂಪು ಅಂಚು ಹುಬ್ಬಿನ ಕೆಳಗೆ ಸೀಳಿತು. ಮಂಗಳೂರಿನ ವೈದ್ಯರು ನಾಲ್ಕು ಹೊಲಿಗೆ ಹಾಕಿದರು. ಕಣ್ಣುಗುಡ್ಡೆಗೆ ಏನೂ ಆಗಿರಲಿಲ್ಲ.

ಅಂಗಡಿಯವರು ‘ಫೈಬರ್, ಒಡೆಯುವುದಿಲ್ಲ’ ಎಂದೇ ಹೇಳಿದ್ದರು, ಬಿಲ್ಲಿನಲ್ಲಿಯೂ ‘ಫೈಬರ್’ ಎಂದಷ್ಟೇ ಇತ್ತು. ಆ ಹೆಸರಿನಲ್ಲಿ ಸಾಮಾನ್ಯವಾಗಿ ಕೊಡುವುದು ಸಿಆರ್-39 ಎಂಬ ಸಾಧಾರಣ ಪ್ಲಾಸ್ಟಿಕ್ಕನ್ನು. ಕೈಜಾರಿ ನೆಲಕ್ಕೆ ಬಿದ್ದರೆ ಅದು ಗಾಜಿನಂತೆ ಪುಡಿಯಾಗುವುದಿಲ್ಲ ಎಂಬುದು ನಿಜ, ಆದರೆ ವೇಗವಾಗಿ ಬಂದ ಪೆಟ್ಟಿಗೆ ಬಗ್ಗದೆ ಬಿರಿದು ಚೂಪಾದ ಚೂರುಗಳಾಗುತ್ತದೆ. ಪಾಲಿಕಾರ್ಬೊನೇಟ್ ಮತ್ತು ಟ್ರೈವೆಕ್ಸ್ ಎಂಬ ಬೇರೆ ಎರಡು ಲೆನ್ಸ್ ಪ್ಲಾಸ್ಟಿಕ್ಕುಗಳು ಅದೇ ಪೆಟ್ಟನ್ನು ಬಗ್ಗಿ ತಾಳಿಕೊಳ್ಳುತ್ತವೆ. ಪೆಟ್ಟಿನ ಮಟ್ಟಿಗೆ ಮಕ್ಕಳಿಗೆ ಇವೆರಡರಲ್ಲಿ ಯಾವುದಾದರೂ ಸರಿಯೇ. ಒಂದೇ ಕಣ್ಣಿನಲ್ಲಿ ದೃಷ್ಟಿಯಿರುವ ಮಗುವಿಗಂತೂ ಬೇರೆ ಆಯ್ಕೆಯೇ ಇಲ್ಲ ಎನ್ನುತ್ತೇನೆ.

ಗಾಯ ಮಾಗಿದ ಮೇಲೆ ಪಾಲಿಕಾರ್ಬೊನೇಟ್ ಮಾಡಿಸಿದೆವು. ಆಗ ಮಗ, ಓರೆಗಣ್ಣಿನಿಂದ ನೋಡಿದರೆ ಟ್ಯೂಬ್‌ಲೈಟಿನ ಅಂಚಿನಲ್ಲಿ ನೀಲಿ, ಹಳದಿ ಗೆರೆ ಕಾಣುತ್ತದೆ ಎಂದ. ಅವನದು ಕಲ್ಪನೆಯಲ್ಲ. ಬೆಳಕನ್ನು ಬಣ್ಣಗಳಾಗಿ ಒಡೆಯದಿರುವ ಗುಣವನ್ನು ಆಬೆ ಸಂಖ್ಯೆಯಿಂದ ಅಳೆಯುತ್ತಾರೆ: ಸಿಆರ್-39ಕ್ಕೆ ಸುಮಾರು 58, ಟ್ರೈವೆಕ್ಸಿಗೆ 44ರ ಆಸುಪಾಸು, ಪಾಲಿಕಾರ್ಬೊನೇಟಿಗೆ 30 ಮಾತ್ರ. ಮಗನ ಪವರ್ ಮೈನಸ್ 5. ಲೆನ್ಸಿನ ನಡುವಿನಿಂದ ಒಂದು ಸೆಂಟಿಮೀಟರ್ ಆಚೆ ನೋಡಿದಾಗ 5 ಪ್ರಿಸಂ ಡಯಾಪ್ಟರಿನಷ್ಟು ಬೆಳಕು ಬಾಗುತ್ತದೆ. ಅದನ್ನು 30ರಿಂದ ಭಾಗಿಸಿದರೆ 0.17, 44ರಿಂದಾದರೆ 0.11, 58ರಿಂದಾದರೆ 0.09. ಸುಮಾರು 0.1 ದಾಟಿದರೆ ಬಣ್ಣದ ಅಂಚು ಗಮನಕ್ಕೆ ಬರತೊಡಗುತ್ತದೆ. ಪವರ್ ಮೈನಸ್ 2 ಇದ್ದಿದ್ದರೆ ಪಾಲಿಕಾರ್ಬೊನೇಟಿನಲ್ಲಿಯೂ 0.07 ಮಾತ್ರ, ಆಗ ಟ್ರೈವೆಕ್ಸಿಗೆ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುತ್ತಿರಲಿಲ್ಲ.

ಮಗನಿಗೆ ಕೊನೆಗೆ ಟ್ರೈವೆಕ್ಸನ್ನೇ ಹಾಕಿಸಿದೆವು. ಅಂಚು ತುಸು ದಪ್ಪವಾದರೂ ಫ್ರೇಮು ಚಿಕ್ಕದಾದ್ದರಿಂದ ಅಷ್ಟು ತಿಳಿಯುವುದಿಲ್ಲ, ತೂಕವೂ ಹಗುರ.

ಕೊಟ್ಟದ್ದು ಪಾಲಿಕಾರ್ಬೊನೇಟ್ ಹೌದೇ ಎಂದು ಮನೆಯಲ್ಲಿಯೇ ನೋಡಬಹುದು. ಲ್ಯಾಪ್‌ಟಾಪಿನ ಬಿಳಿ ಪರದೆಯೆದುರು ಪೋಲರೈಸ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ಮಗುವಿನ ಲೆನ್ಸ್ ಹಿಡಿಯಿರಿ. ಅಚ್ಚಿನಲ್ಲಿ ಒತ್ತಿ ಮಾಡಿದ ಪಾಲಿಕಾರ್ಬೊನೇಟಿನಲ್ಲಿ ಸಾಮಾನ್ಯವಾಗಿ ಬೆಳಕಿನ ಅಥವಾ ಬಣ್ಣದ ಪಟ್ಟೆಗಳು ಮೂಡುತ್ತವೆ. ಸಿಆರ್-39 ಬಹುಮಟ್ಟಿಗೆ ಕಪ್ಪಾಗಿಯೇ ಉಳಿಯುತ್ತದೆ. ಫ್ರೇಮಿನ ಬಿಗಿತದಿಂದ ಅಂಚಿನಲ್ಲಷ್ಟೇ ಕಾಣುವ ಬೆಳಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಟ್ರೈವೆಕ್ಸ್ ಕೂಡ ಕಪ್ಪಾಗಿಯೇ ಕಾಣುವುದರಿಂದ ಈ ಪರೀಕ್ಷೆ ಅದನ್ನು ಸಿಆರ್-39ರಿಂದ ಬೇರ್ಪಡಿಸಲಾರದು. ಅದಕ್ಕಾಗಿ ಲೆನ್ಸ್ ಕತ್ತರಿಸುವ ಮೊದಲೇ ಅದು ಬಂದ ಕಾಗದದ ಲಕೋಟೆಯನ್ನು ಕೇಳಿ ನೋಡಿ, ಅದರ ಮೇಲಿನ ಹೆಸರನ್ನೇ ಬಿಲ್ಲಿನಲ್ಲಿಯೂ ಬರೆಸಿಕೊಳ್ಳಿ.