ಮೂರು ಗೇಟು, ಮೂರು ತರದ ನೀರು: ಅತ್ತಿಗುಪ್ಪೆ ಸುತ್ತ ನಾನು ಉಳಿದ ಪಿಜಿಗಳು

ಎರಡು ವರ್ಷದ ಎಂ.ಎಸ್ಸಿ ಮುಗಿಸುವಷ್ಟರಲ್ಲಿ ಮೂರು ಕಡೆ ಹಾಸಿಗೆ ಸುತ್ತಿಕೊಂಡು ಹೋಗಿದ್ದೇನೆ. ಓದು ಜ್ಞಾನಭಾರತಿಯಲ್ಲಿ. ಯೂನಿವರ್ಸಿಟಿ ಹಾಸ್ಟೆಲ್‌ಗೆ ಅರ್ಜಿ ಹಾಕುವುದು ತಡವಾಯಿತು, ಅದು ನನ್ನದೇ ತಪ್ಪು. ಹಾಗಾಗಿ ಮೆಟ್ರೋ ಹತ್ತಿದರೆ ಸೀದಾ ಕ್ಯಾಂಪಸ್ ಕಡೆ ಇಳಿಯಬಹುದು ಎಂದು ಅತ್ತಿಗುಪ್ಪೆ, ವಿಜಯನಗರದ ಸುತ್ತಲೇ ರೂಮು ಹುಡುಕಿದೆ. ಮೊದಲು ಐದು ಮಹಡಿಯ ದೊಡ್ಡ ಪಿಜಿ. ಆಮೇಲೆ ಒಬ್ಬರು ಆಂಟಿಯ ಮನೆಯ ಮೇಲಿನ ಮಹಡಿ. ಕೊನೆಗೆ ಒಂದು ಸಮುದಾಯದ ಟ್ರಸ್ಟ್ ನಡೆಸುವ ಹಾಸ್ಟೆಲ್. ಯಾವುದರ ಹೆಸರೂ ಹೇಳುವುದಿಲ್ಲ.

ಪಿಜಿಯಲ್ಲಿ ಮೂವರ ರೂಮಿಗೆ ಊಟ ಸೇರಿ ತಿಂಗಳಿಗೆ 7,500. ಆಂಟಿ ಮನೆಯಲ್ಲಿ 6,500, ಮಧ್ಯಾಹ್ನದ ಊಟ ಇಲ್ಲ. ಹಾಸ್ಟೆಲ್‌ನಲ್ಲಿ 4,200. ದರ ನೋಡಿದರೆ ಮೊದಲನೆಯದೇ ಎಲ್ಲಕ್ಕಿಂತ ಚೆನ್ನಾಗಿರಬೇಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಪಿಜಿ ನೋಡಲು ಹೋಗಿದ್ದು ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ. ಅದೇ ಮೋಸ. ಆ ಹೊತ್ತಿಗೆ ಯಾರೂ ಸ್ನಾನ ಮಾಡುವುದಿಲ್ಲ, ನಲ್ಲಿ ತಿರುಗಿಸಿದರೆ ನೀರು ಬಂದೇ ಬರುತ್ತದೆ. ನೆಲ ಆಗಷ್ಟೇ ಒರೆಸಿರುತ್ತಾರೆ. ಮ್ಯಾನೇಜರ್ ಅಣ್ಣ ವೈಫೈ ಪಾಸ್‌ವರ್ಡ್ ಸಮೇತ ಎಲ್ಲ ಹೇಳಿದರು. ನಾನು ಕೇಳಬೇಕಿದ್ದದ್ದು ಒಂದೇ: ಅಡುಗೆಗೆ ಯಾವ ನೀರು?

ಸೇರಿದ ಮೊದಲ ವಾರವೇ ಸಾಂಬಾರಿನಲ್ಲಿ ಬೇಳೆ ನುಣ್ಣಗೆ ಬೆಂದಿರುತ್ತಿರಲಿಲ್ಲ. ತಟ್ಟೆಯ ತಳದಲ್ಲಿ ಕಾಳು ಕಾಳಾಗಿ ಕೂತಿರುತ್ತಿತ್ತು, ಮೇಲೆ ಬಣ್ಣದ ನೀರು. ಅಡುಗೆಯವರಿಗೆ ಬರುವುದಿಲ್ಲ ಎಂದು ಬೈದುಕೊಂಡೆವು. ಅವರದ್ದು ತಪ್ಪಲ್ಲ. ಅಡುಗೆಮನೆಗೆ ಬರುತ್ತಿದ್ದದ್ದು ಬೋರ್ ನೀರು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ, ಅದರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಸರಿಯಾಗಿ ಒಡೆಯುವುದಿಲ್ಲ. ಗ್ಯಾಸು ಉಳಿಸಬೇಕು, ಎಂಟು ಗಂಟೆಗೆ ಊಟ ಇಡಬೇಕು. ಹಾಗಾಗಿ ಚಿಟಿಕೆ ಅಡುಗೆ ಸೋಡಾ. ಒಂದು ದಿನ ಬಿಸಿನೀರು ಕೇಳಲು ಒಳಗೆ ಹೋದಾಗ ನೋಡಿದೆ. ಚಿಟಿಕೆ ಅಲ್ಲ, ಒಂದು ಚಮಚ ತುಂಬಾ. ರಾತ್ರಿ ಊಟವಾದ ಮೇಲೆ ಹೊಟ್ಟೆ ಉಬ್ಬರಿಸಿಕೊಂಡು ಮೂವರೂ ಹಾಸಿಗೆ ಮೇಲೆ ಎದ್ದು ಕೂರುತ್ತಿದ್ದದ್ದು ಯಾಕೆಂದು ಆಗ ಅನುಮಾನ ಬಂತು.

ಉಳಿದದ್ದು ಎಲ್ಲ ಪಿಜಿಯವರಿಗೂ ಗೊತ್ತಿರುವ ಕತೆ. ರಾತ್ರಿ ಮಿಕ್ಕ ಅನ್ನ ಬೆಳಗ್ಗೆ ಚಿತ್ರಾನ್ನ. ಚಟ್ನಿಯಲ್ಲಿ ತೆಂಗಿನಕಾಯಿ ಇಲ್ಲ, ಬರೀ ಹುರಿಗಡಲೆ. ನಮ್ಮದು ತಿಪಟೂರಿನ ಕಡೆ. ಕಾಯಿ ಇಲ್ಲದ ಚಟ್ನಿ ನೋಡಿ ನಮ್ಮಪ್ಪ ಬೇಜಾರು ಮಾಡಿಕೊಂಡಿದ್ದು ನನ್ನ ಫೀಸಿಗಿಂತ ಜಾಸ್ತಿ.

2024ರ ಬೇಸಿಗೆ ಬಂತು. ಆ ವರ್ಷ ಬೆಂಗಳೂರಿನ ಬೋರ್‌ಗಳು ಬತ್ತಿದ್ದು ನೆನಪಿರಬಹುದು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ ಬೇಸಿಗೆ ಅದು. ನಮ್ಮ ಪಿಜಿಯ ಬೋರ್ ಫೆಬ್ರವರಿ ಕೊನೆಗೆ ಕೈಕೊಟ್ಟಿತು. ಕಾವೇರಿ ನೀರು ಬರುತ್ತಿತ್ತು, ಆದರೆ ಆ ಕನೆಕ್ಷನ್ ಒಂದು ಸಾಧಾರಣ ಮನೆಗೆ ಸಾಕಾಗುವಂಥದ್ದು. ಅಲ್ಲಿದ್ದವರು 56 ಹುಡುಗಿಯರು.

ಎರಡು ದಿನಕ್ಕೊಮ್ಮೆ 6,000 ಲೀಟರಿನ ಒಂದು ಟ್ಯಾಂಕರ್ ಬರತೊಡಗಿತು. ಅಂದರೆ ದಿನಕ್ಕೆ 3,000 ಲೀಟರ್. 56ರಿಂದ ಭಾಗಿಸಿದರೆ ತಲೆಗೆ 53 ಲೀಟರ್ ಚಿಲ್ಲರೆ. ಸಾಮಾನ್ಯ ಬಕೆಟ್ಟಿಗೆ 16, 18 ಲೀಟರ್ ಹಿಡಿಯುತ್ತದೆ. ಸ್ನಾನ, ಬಟ್ಟೆ, ಕಕ್ಕಸು, ಪಾತ್ರೆ ಎಲ್ಲಾ ಸೇರಿ ದಿನಕ್ಕೆ ಮೂರು ಬಕೆಟ್. ನಗರದ ಮನೆಗಳಿಗೆ ತಲೆಗೆ 135 ಲೀಟರ್ ಬೇಕು ಎಂಬುದು ಸರ್ಕಾರದ ಲೆಕ್ಕ. ಆ ಪ್ರಕಾರ ನಮಗೆ ದಿನಕ್ಕೆ 7,560 ಲೀಟರ್ ಬೇಕಿತ್ತು, ಅಂದರೆ ದಿನಕ್ಕೆ ಒಂದು ಟ್ಯಾಂಕರ್ ಬಂದರೂ ಸಾಲದು. ಪ್ರತಿ ಮಹಡಿಯಲ್ಲಿ ಒಂದು ನೀಲಿ ಡ್ರಮ್ ಇಟ್ಟರು. ಬೆಳಗ್ಗೆ ಐದೂವರೆಗೆ ಬಕೆಟ್ಟಿನ ಸಾಲು, ಪ್ರತಿ ಬಕೆಟ್ಟಿನ ಮೇಲೂ ಮಾರ್ಕರಿನಲ್ಲಿ ಬರೆದ ಹೆಸರು. ನನ್ನದರ ಮೇಲೆ ಇದ್ದ ಹೆಸರನ್ನು ಯಾರೋ ಸೀಮೆಎಣ್ಣೆಯಲ್ಲಿ ಒರೆಸಿ ತಮ್ಮದು ಬರೆದುಕೊಂಡಿದ್ದರು. ಸಿಟ್ಟು ಬಂತು, ನಗುವೂ ಬಂತು. ಬೆಂಗಳೂರಿನಲ್ಲಿ ಸೀಮೆಎಣ್ಣೆ ಎಲ್ಲಿ ಸಿಕ್ಕಿತೋ!

ಅದೇ ತಿಂಗಳು 'ನೀರಿನ ಖರ್ಚು' ಎಂದು ಎಲ್ಲರಿಗೂ 500 ರೂಪಾಯಿ ಏರಿಸಿದರು. 56 ಜನಕ್ಕೆ 28,000. ಟ್ಯಾಂಕರಿನವನು ಒಂದು ಲೋಡಿಗೆ 1,500 ತೆಗೆದುಕೊಳ್ಳುತ್ತಿದ್ದ, ತಿಂಗಳಿಗೆ 15 ಲೋಡ್ ಎಂದರೆ 22,500. ಮಿಕ್ಕಿದ್ದು ಯಾರಿಗೆ ಎಂದು ಕೇಳಿದ್ದಕ್ಕೆ ಮ್ಯಾನೇಜರ್ ಅಣ್ಣ 'ಓನರ್ ಹೇಳಿದ್ದು ಮೇಡಂ' ಎಂದರು. ಯಾವ ಓನರ್? ಬಿಲ್ಡಿಂಗ್ ಮಾಲೀಕರು ಬೇರೆ, ಅದನ್ನು ಲೀಸಿಗೆ ಹಿಡಿದು ಪಿಜಿ ನಡೆಸುವವರು ಬೇರೆ, ಮ್ಯಾನೇಜರ್ ಬೇರೆ. ಸಂಪ್ ದೊಡ್ಡದು ಮಾಡಿಸುವುದು ಮಾಲೀಕರ ಕೆಲಸ ಎಂದು ನಡೆಸುವವರು, ಜನ ಜಾಸ್ತಿ ತುಂಬಿಸಿದ್ದು ಅವರು ಎಂದು ಮಾಲೀಕರು. ಮೂವರಲ್ಲಿ ಒಬ್ಬರೂ ಆ ನೀರು ಕುಡಿಯುವವರಲ್ಲ.

ಭದ್ರತೆ? ಗೇಟಿನಲ್ಲಿ ಬೆರಳಚ್ಚಿನ ಮಷಿನ್, ಕ್ಯಾಮೆರಾ, ಎಲ್ಲಾ ಇತ್ತು. ಮಷಿನ್ ಪದೇ ಪದೇ ಕೆಡುತ್ತಿದ್ದರಿಂದ ಬಾಗಿಲ ಸಂದಿಗೆ ಒಂದು ಹಳೆ ಚಪ್ಪಲಿ ಸಿಕ್ಕಿಸಿರುತ್ತಿದ್ದರು. ಹಗಲು ಚಪ್ಪಲಿ, ರಾತ್ರಿ ಹತ್ತೂವರೆಗೆ ಒಳಗಿನಿಂದ ಕಬ್ಬಿಣದ ಗೇಟು, ಬೀಗ, ಕೀ ವಾಚ್‌ಮನ್ ಹತ್ತಿರ. ಎಲ್ಲಾ ಕಿಟಕಿಗೂ ಗ್ರಿಲ್. ಇರುವುದು ಒಂದೇ ಮೆಟ್ಟಿಲು, ಅದರ ಕೆಳಗೇ ಆರು ಸಿಲಿಂಡರ್. ಕಳ್ಳ ಬರದಂತೆ ನೋಡಿಕೊಂಡಿದ್ದರು, ಬೆಂಕಿ ಬಿದ್ದರೆ ನಾವು ಹೊರಗೆ ಹೋಗುವ ದಾರಿ ಬಗ್ಗೆ ಯಾರೂ ಯೋಚನೆ ಮಾಡಿರಲಿಲ್ಲ. ಆ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಬಿಬಿಎಂಪಿ ನಿಯಮ ತಂದಿತು: ಕ್ಯಾಮೆರಾ, 24 ಗಂಟೆ ಕಾವಲು, ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ಅದೇ 135 ಲೀಟರ್ ನೀರು. ನಾವು ಮೂವರಿದ್ದ ರೂಮು ಹತ್ತಡಿಗೆ ಹನ್ನೆರಡಡಿ. ಲೆಕ್ಕ ಹಾಕಿದರೆ ತಲೆಗೆ 40.

ಮಾರ್ಚಿನಲ್ಲಿ ಬಿಟ್ಟೆ. ಅಡ್ವಾನ್ಸ್ 10,000 ಕೊಟ್ಟಿದ್ದೆ. 2,000 ಮೇಂಟೆನೆನ್ಸ್ ಹಿಡಿದರು. ನೋಟಿಸ್ 1ನೇ ತಾರೀಖಿನ ಒಳಗೆ ಕೊಡಬೇಕಿತ್ತಂತೆ, ನಾನು ಕೊಟ್ಟಿದ್ದು 3ಕ್ಕೆ, ಹಾಗಾಗಿ ಒಂದು ತಿಂಗಳ ಬಾಡಿಗೆ, ಏರಿದ ದರದಲ್ಲಿ 8,000. ಲೆಕ್ಕ ಸರಿಯಾಗಿ ಸೊನ್ನೆಗೆ ಬಂತು. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅದು ಬರೆದೂ ಇತ್ತು. ಓದದೆ ಸಹಿ ಹಾಕಿದವಳು ನಾನು.

ಆಂಟಿ ಮನೆಗೆ ಬಂದ ದಿನ ಅವರು ಮೊದಲು ತೋರಿಸಿದ್ದು ಎರಡು ನಲ್ಲಿ. 'ಇದು ಕಾವೇರಿ, ಕುಡಿಯೋಕೆ ಅಡುಗೆಗೆ. ಅದು ಬೋರು, ಬಟ್ಟೆಗೆ ಬಾತ್ರೂಮಿಗೆ. ಅದಲು ಬದಲು ಮಾಡಿದ್ರೆ ನಂಗೆ ಗೊತ್ತಾಗುತ್ತೆ ಕಣಮ್ಮ.' ಕಾವೇರಿಗೆ ಬೇರೆ ಸಂಪು, ಬೋರಿಗೆ ಮೇಲೆ ಸಿಂಟೆಕ್ಸ್. ಇದ್ದದ್ದು ಎಂಟು ಹುಡುಗಿಯರು. ನೀರು ಒಂದು ದಿನ ಬಿಟ್ಟು ಒಂದು ದಿನ ಬರುತ್ತಿತ್ತು, ಆದರೂ ಕಷ್ಟವಾಗಲಿಲ್ಲ. ಸೋಲಾರ್ ಬಿಸಿನೀರು ಮಾತ್ರ ಏಳೂವರೆಗೆ ಖಾಲಿ, ಆಮೇಲೆ ಎದ್ದವರಿಗೆ ತಣ್ಣೀರು. ಸಾಂಬಾರಿನಲ್ಲಿ ಬೇಳೆ ಬೆಣ್ಣೆಯಂತೆ ಬೆಂದಿರುತ್ತಿತ್ತು. ಅವರ ಮನೆಯವರೂ ಅದೇ ಪಾತ್ರೆಯಿಂದ ಬಡಿಸಿಕೊಳ್ಳುತ್ತಿದ್ದರು ನೋಡಿ.

ಆದರೆ ಅಲ್ಲಿ ತೆರಬೇಕಾದ ಬೆಲೆ ಬೇರೆ. ಮೊಟ್ಟೆ ಕೂಡ ಒಳಗೆ ಬರುವಂತಿಲ್ಲ. ಗೇಟು ಒಂಬತ್ತಕ್ಕೆ. ಒಂದು ದಿನ ಲ್ಯಾಬ್ ತಡವಾಗಿ ಒಂಬತ್ತೂಕಾಲು ಆಯಿತು. ಆಂಟಿ ನನಗೆ ಫೋನ್ ಮಾಡುವ ಮೊದಲೇ ಊರಿಗೆ ಮಾಡಿ, 'ನಿಮ್ಮ ಮಗಳು ಇನ್ನೂ ಬಂದಿಲ್ಲ' ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದರು. ನಾನು ಮೆಟ್ರೋದಲ್ಲಿ ನಿಂತಿದ್ದೆ, ಅಮ್ಮ ಫೋನಿನಲ್ಲಿ ಅಳುತ್ತಿದ್ದಳು. ಸುರಕ್ಷತೆ ಅಂದರೆ ಇದೇನಾ? ಅವತ್ತು ಅಲ್ಲ ಅನ್ನಿಸಿತ್ತು. ಆದರೆ ಜ್ವರ ಬಂದು ಮಲಗಿದಾಗ ಗಂಜಿ ಮಾಡಿ ಮೇಲೆ ತಂದುಕೊಟ್ಟವರೂ ಅವರೇ. ಆ ಎರಡನ್ನೂ ಬಿಡಿಸಿ ಒಂದನ್ನು ಮಾತ್ರ ತೆಗೆದುಕೊಳ್ಳಲು ಬರುವುದಿಲ್ಲ. ಮಗಳು ಬಾಣಂತನಕ್ಕೆ ಬರುತ್ತಾಳೆಂದು ಅವರೇ ಎರಡು ತಿಂಗಳು ಮುಂಚೆ ಹೇಳಿ ರೂಮು ಖಾಲಿ ಮಾಡಿಸಿದರು. ಅಡ್ವಾನ್ಸ್ ಪೂರ್ತಿ ವಾಪಸ್, ಜೊತೆಗೆ ಒಂದು ಡಬ್ಬಿ ಚಟ್ನಿಪುಡಿ.

ಹಾಸ್ಟೆಲ್ ಬಗ್ಗೆ ಹೇಳುವುದು ಕಡಿಮೆ, ಅಲ್ಲಿ ಗೋಳೂ ಕಡಿಮೆ. 90 ಜನ, ಎರಡು ಮೆಟ್ಟಿಲು, ದೊಡ್ಡ ಸಂಪು, ವಾರಕ್ಕೆರಡು ದಿನ ಮುದ್ದೆ. ಊಟದ ಪಟ್ಟಿ ಹುಡುಗಿಯರ ಮೆಸ್ ಕಮಿಟಿಯೇ ಮಾಡುತ್ತದೆ, ದಿನಸಿ ಬಿಲ್ಲು ನೋಟಿಸ್ ಬೋರ್ಡಿನಲ್ಲಿ. ಗೇಟು ಎಂಟೂವರೆಗೆ, ತಡವಾದರೆ ವಿಭಾಗದ ಪತ್ರ ಬೇಕು. ಕೆಲಸ ಹುಡುಕುತ್ತಿದ್ದ ಕೊನೆಯ ಸೆಮಿಸ್ಟರಿನಲ್ಲಿ ಅದೊಂದು ತುಂಬಾ ಕಾಡಿತು. ಗೋಡೆಯ ಮೇಲಿನ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ತಾರೀಖು ಮುಗಿದಿತ್ತು. ವಾರ್ಡನ್ ಮೇಡಂಗೆ ತೋರಿಸಿದೆ, ಬದಲಾಯಿಸಲು ನಾಲ್ಕು ತಿಂಗಳು ತೆಗೆದುಕೊಂಡರು.

ಓದುವವರಿಗೆ ಹಾಸ್ಟೆಲ್, ತಡವಾಗಿ ಬರುವ ಕೆಲಸ ಇಲ್ಲದವರಿಗೆ ಆಂಟಿ ಮನೆ. ದೊಡ್ಡ ಪಿಜಿಗೆ ಹೋಗುವುದೇ ಆದರೆ ಬೆಳಗ್ಗೆ ಏಳಕ್ಕೆ ಹೋಗಿ. ಎಷ್ಟು ಜನ, ಸಂಪ್ ಎಷ್ಟು ಲೀಟರ್, ಎರಡನ್ನೂ ಕೇಳಿ ಅಲ್ಲೇ ಭಾಗಿಸಿ.

ಈ ವರ್ಷ ಚಿಕ್ಕಪ್ಪನ ಮಗಳು ಓದಲು ಬಂದಳು. ಅವಳಿಗೆ ರಾತ್ರಿ ಹತ್ತರವರೆಗೆ ಕೋಚಿಂಗ್, ಹಾಗಾಗಿ ಪಿಜಿಯೇ ಗತಿ. ಖಾಲಿ ಬಾಟಲಿ, ಬಟ್ಟೆ ಸೋಪಿನ ಒಂದು ಚೂರು ಬ್ಯಾಗಿಗೆ ಹಾಕಿಕೊಂಡು ಹೋದೆವು. ಮೊದಲ ಎರಡು ಕಡೆ ನಲ್ಲಿ ನೀರು ಹಿಡಿದು ಸೋಪು ಹಾಕಿ ಕುಲುಕಿದರೆ ನೊರೆ ಇಲ್ಲ, ಮೊಸರು ಒಡೆದಂತೆ ಬಿಳಿ ಚೂರು. ಮೂರನೆಯ ಕಡೆ ಅಡುಗೆಮನೆಯ ನಲ್ಲಿಯಲ್ಲಿ ಬಾಟಲಿ ತುಂಬಾ ನೊರೆ ಬಂತು. ಒಲೆ ಮುಂದೆ ನಿಂತಿದ್ದ ಅಕ್ಕನನ್ನು ಬೇಳೆಗೆ ಎಷ್ಟು ವಿಷಲ್ ಕೂಗಿಸುತ್ತೀರಿ ಎಂದು ಕೇಳಿದೆ. 'ನಾಲ್ಕು ಸಾಕು, ಐದಾದ್ರೆ ಕರಗೋಗುತ್ತೆ' ಎಂದರು. ರಸೀದಿಯ ಹಿಂಭಾಗ ಓದಿ, ಅಡ್ವಾನ್ಸ್ ಕೊಟ್ಟು ಬಂದೆವು.